ಬೂದಿ ಬಣ್ಣದ ಪದರ, ಅದರಡಿ ತುಕ್ಕಿನ ಬಣ್ಣ: ಮಣ್ಣು ಹೀಗೇಕೆ?

ಪ್ರಶ್ನೆ: ಪೈನ್ ಕಾಡಿನ ಅಂಚಿನಲ್ಲಿ ರಸ್ತೆಗಾಗಿ ಗುಡ್ಡ ಕಡಿದ ಜಾಗದಲ್ಲಿ ಮಣ್ಣಿನ ಗೋಡೆ ನೋಡಿದೆ. ಮೇಲೆ ನಾಲ್ಕು ಬೆರಳು ಕಪ್ಪು ಮಣ್ಣು, ಅದರ ಕೆಳಗೆ ಒಂದು ಗೇಣು ಬೂದಿಯಂಥ ಬಿಳಿ ಮಣ್ಣು, ಆಮೇಲೆ ತುಕ್ಕಿನ ಬಣ್ಣದ ಗಟ್ಟಿ ಮಣ್ಣು, ತಳದಲ್ಲಿ ಹಳದಿ ಮರಳು. ಎಂದೋ ಕಾಡ್ಗಿಚ್ಚು ಬಿದ್ದು ಉಳಿದ ಬೂದಿಯೇ? ಅಥವಾ ನೆರೆ ತಂದು ಹಾಕಿದ ಪದರಗಳೇ? ಎಲ್ಲವೂ ಒಂದೇ ಕಲ್ಲಿನಿಂದ ಹುಟ್ಟಿದ್ದಾದರೆ ಬಣ್ಣ ಇಷ್ಟು ಬೇರೆ ಏಕೆ?

ಉತ್ತರ: ಅದನ್ನು ಬೂದಿ ಎಂದುಕೊಂಡವರು ನೀವೊಬ್ಬರೇ ಅಲ್ಲ. ರಷ್ಯಾದ ರೈತರು ಇಂಥ ಮಣ್ಣನ್ನು ಪೊಡ್ಜಾಲ್ ಎಂದು ಕರೆದರು. ಆ ಹೆಸರಿನಲ್ಲೇ ‘ಅಡಿಯಲ್ಲಿ ಬೂದಿ’ ಎಂಬ ಅರ್ಥವಿದೆ. ವಿಜ್ಞಾನಿಗಳೂ ಅದೇ ಹೆಸರನ್ನು ಉಳಿಸಿಕೊಂಡಿದ್ದಾರೆ. ಆದರೆ ಅದು ಬೂದಿಯಲ್ಲ, ಮೈಮೇಲಿನ ಕಬ್ಬಿಣವೆಲ್ಲ ತೊಳೆದುಹೋಗಿ ಬೆತ್ತಲೆಯಾದ ಮರಳು. ನಿಮ್ಮ ವಿವರಣೆ ಸರಿಯಿದ್ದರೆ, ಮೇಲಿನ ಮೂರೂ ಪದರಗಳು ಒಂದು ಕಾಲದಲ್ಲಿ ತಳದ ಆ ಹಳದಿ ಮರಳೇ ಆಗಿದ್ದವು. ಯಾವುದನ್ನೂ ಯಾರೂ ತಂದು ಹಾಕಿಲ್ಲ. ಒಂದೇ ವಸ್ತುವಿಗೆ ಒಂದೊಂದು ಆಳದಲ್ಲಿ ಒಂದೊಂದು ಗತಿ ಒದಗಿದೆ, ಅಷ್ಟೆ.

ಇದು ನಡೆಯುವ ಬಗೆಯನ್ನು ಮೊದಲು ನೋಡೋಣ. ಮಳೆನೀರು ಪೈನಿನ ಉದುರಿದ ಸೂಜಿ ಎಲೆಗಳ ಹಾಸನ್ನು ದಾಟುವಾಗ ಸಾವಯವ ಆಮ್ಲಗಳನ್ನು ಹೊತ್ತುಕೊಳ್ಳುತ್ತದೆ. ಮರಳಿನ ಕಣಗಳ ಮೇಲೆ ತೆಳುವಾಗಿ ಅಂಟಿರುವ ಕಬ್ಬಿಣ ಮತ್ತು ಅಲ್ಯೂಮಿನಿಯಂ ನೀರಿನಲ್ಲಿ ಹಾಗೆಲ್ಲ ಕರಗುವುದಿಲ್ಲ. ಈ ಆಮ್ಲಗಳು ಅವನ್ನು ಇಕ್ಕಳದಂತೆ ಹಿಡಿದು ಕರಗಿಸಿ ಕೆಳಗೆ ಒಯ್ಯುತ್ತವೆ. ಹೀಗೆ ಹಿಂದೆ ಉಳಿದ ಕಣಗಳೇ ನೀವು ಕಂಡ ಬಿಳಿ ಪದರ. ಕೆಳಗಿಳಿದಂತೆಲ್ಲ ಆಮ್ಲದ ಹಿಡಿತದಲ್ಲಿ ಲೋಹ ಹೆಚ್ಚುತ್ತದೆ, ಒಂದು ಹಂತ ದಾಟಿದ ಮೇಲೆ ಅದು ನೀರಿನಲ್ಲಿ ನಿಲ್ಲಲಾರದೆ ಕಣಗಳ ಮೇಲೆ ಕೂರುತ್ತದೆ. ಜೊತೆಗೆ ಸೂಕ್ಷ್ಮಜೀವಿಗಳು ಆಮ್ಲವನ್ನೇ ತಿಂದುಬಿಡುತ್ತವೆ, ಲೋಹ ಅಲ್ಲಿಯೇ ಉಳಿಯುತ್ತದೆ. ಒಮ್ಮೆ ಕಬ್ಬಿಣ ಕೂತ ಕಡೆ ಮುಂದಿನ ಮಳೆಯಲ್ಲಿ ಬಂದದ್ದೂ ಸುಲಭವಾಗಿ ಕೂರುತ್ತದೆ. ಹಾಗೆ ಬೆಳೆದದ್ದು ತುಕ್ಕಿನ ಪದರ. ಮಣ್ಣು ಓದುವವರು ಕಪ್ಪಿಗೆ ‘ಎ’, ಬಿಳಿಗೆ ‘ಇ’, ತುಕ್ಕಿಗೆ ‘ಬಿ’, ತಳದ ಮರಳಿಗೆ ‘ಸಿ’ ಎನ್ನುತ್ತಾರೆ. ಈ ಅಕ್ಷರಗಳು ವಯಸ್ಸಿನ ಕ್ರಮವಲ್ಲ. ನೆರೆ ತಂದು ಹಾಕಿದ ಮಣ್ಣಿನಲ್ಲಿ ಕೆಳಗಿನದು ಹಳೆಯದು, ಮೇಲಿನದು ಹೊಸದು. ಇಲ್ಲಿ ಮೇಲಿರುವುದೇ ಹೆಚ್ಚು ಸವೆದದ್ದು. ತಳದ ‘ಸಿ’ಗೆ ಇನ್ನೂ ಏನೂ ಆಗಿಲ್ಲ.

ಇದನ್ನು ಕಣ್ಣಾರೆ ನೋಡಲು ಒಬ್ಬರ ಆಯುಷ್ಯ ಸಾಲದು. ಆದರೆ ಅಲಾಸ್ಕಾದ ಗ್ಲೇಸಿಯರ್ ಬೇ ಕೊಲ್ಲಿಯಲ್ಲಿ ಕಾಲವನ್ನೇ ನೆಲದ ಮೇಲೆ ಉದ್ದಕ್ಕೆ ಹಾಸಿಟ್ಟಂತಿದೆ. 1794ರಲ್ಲಿ ಬ್ರಿಟಿಷ್ ನಾವಿಕ ವ್ಯಾಂಕೂವರ್ ಅವರ ನೌಕಾಯಾನದವರು ನೋಡಿದಾಗ ಕೊಲ್ಲಿಯನ್ನು ಬಹುಪಾಲು ಹಿಮವೇ ತುಂಬಿತ್ತು. ಅಲ್ಲಿಂದೀಚೆಗೆ ಹಿಮನದಿ ಸುಮಾರು 100 ಕಿಲೋಮೀಟರ್ ಹಿಂದೆ ಸರಿದಿದೆ. ಕೊಲ್ಲಿಯ ಬಾಯಿಯಿಂದ ಒಳಕ್ಕೆ ಹೋದಷ್ಟೂ ನೆಲ ಎಳೆಯದು. ಹಿಮ ಬಿಟ್ಟುಹೋದ ಕಲ್ಲುಪುಡಿಯಲ್ಲಿ ಸುಣ್ಣದ ಅಂಶವಿದ್ದುದರಿಂದ ಆರಂಭದಲ್ಲಿ ಅದರ ರಸಸಾರ, ಅಂದರೆ ಪಿಎಚ್, 8ರ ಆಸುಪಾಸು. ಕ್ರಾಕರ್ ಮತ್ತು ಮೇಜರ್ ಎಂಬ ಸಂಶೋಧಕರು 1955ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಆಲ್ಡರ್ ಪೊದೆ ಬೆಳೆದ ಕಡೆ ಮೇಲ್ಮಣ್ಣಿನ ರಸಸಾರ 50 ವರ್ಷದೊಳಗೆ 5ರವರೆಗೆ ಇಳಿದಿತ್ತು. ಒಂದಂಕಿ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರಿದಂತೆ. ಮೂರಂಕಿ ಎಂದರೆ ಸಾವಿರ ಪಟ್ಟು. ಗಿಡ ಹುಟ್ಟದ ಬೋಳು ಜಾಗದಲ್ಲಿ ಇಳಿತ ತೀರ ನಿಧಾನ. ಕಲ್ಲು ಅದೇ, ಮಳೆ ಅದೇ, ವರ್ಷಗಳೂ ಅವೇ; ವ್ಯತ್ಯಾಸ ಗಿಡದ್ದು ಮಾತ್ರ. ಮಣ್ಣು ಹುಟ್ಟುವುದರಲ್ಲಿ ಜೀವಿಗಳ ಪಾಲು ಎಷ್ಟು ಎಂಬುದಕ್ಕೆ ಇಷ್ಟು ಶುದ್ಧವಾದ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ.

ಸುಣ್ಣ ಹೊರಟುಹೋದ ಮೇಲಷ್ಟೇ ಕಬ್ಬಿಣದ ಸರದಿ. ಆಲ್ಡರ್ ಪೊದೆಯನ್ನು ಸ್ಪ್ರೂಸ್ ಮರಗಳು ಮೀರಿ ಬೆಳೆಯುತ್ತವೆ, ನೆಲದ ಮೇಲೆ ಪಾಚಿ ಮತ್ತು ಎಲೆಗಳ ಹುಳಿ ಹಾಸು ದಪ್ಪವಾಗುತ್ತದೆ, ಅದರಡಿ ಬಿಳಿಯ ತೆಳುಗೆರೆ ಮೂಡತೊಡಗುತ್ತದೆ. ನೀವು ಹೇಳಿದ ಒಂದು ಗೇಣು ದಪ್ಪ ಮಾತ್ರ ಸಾಮಾನ್ಯವಾಗಿ ಸಾವಿರಾರು ವರ್ಷಗಳ ಕೆಲಸ.

ತಳದಲ್ಲಿ ಮರಳಿನ ಬದಲು ಬಸಾಲ್ಟ್ ಬಂಡೆ ಇದ್ದಿದ್ದರೆ? ಬಸಾಲ್ಟಿನಲ್ಲಿ ಕಬ್ಬಿಣ ಧಾರಾಳ, ಶಿಥಿಲವಾದಾಗ ಅದು ಕೊಡುವ ಜೇಡಿಯೂ ಹೆಚ್ಚು. ಆಮ್ಲದ ಇಕ್ಕಳ ಎರಡು ಬೆರಳು ಇಳಿಯುವುದರೊಳಗೆ ತುಂಬಿಹೋಗುತ್ತದೆ, ಬಿಳಿ ಪದರ ಏಳುವುದೇ ಇಲ್ಲ. ಮಳೆ ಕಡಿಮೆಯಿದ್ದರೆ ಕಥೆ ಇನ್ನೊಂದು: ನೀರು ಸ್ವಲ್ಪ ಆಳಕ್ಕೆ ಇಳಿದು ಅಲ್ಲಿಯೇ ಆವಿಯಾಗುತ್ತದೆ, ಹೊತ್ತು ತಂದ ಸುಣ್ಣವನ್ನು ಅಲ್ಲಿ ಬಿಡುತ್ತದೆ. ಆಗಲೂ ಬಿಳಿ ಪದರವೇ ಕಾಣಿಸುತ್ತದೆ, ಆದರೆ ಅದು ತೊಳೆದ ಬಿಳಿಯಲ್ಲ, ಕೂತ ಬಿಳಿ. ಬಣ್ಣ ನೋಡಿ ಹೆಸರಿಡಬಾರದು ಎಂದು ಹಳಬರು ಹೇಳುವುದು ಇದಕ್ಕೇ. ನಾಲ್ಕು ಹನಿ ವಿನಿಗರ್ ಬಿಟ್ಟು ನೋಡಿ; ಬುಸುಗುಟ್ಟಿ ನೊರೆ ಬಂದರೆ ಸುಣ್ಣ.

ಪದರ ಕಟ್ಟುವ ಜೀವಿಗಳೇ ಅದನ್ನು ಅಳಿಸಲೂಬಲ್ಲವು. ಎರೆಹುಳು ಎಲೆಯನ್ನು ಒಳಗೆಳೆದು, ಒಳಗಿನ ಮಣ್ಣನ್ನು ಮೇಲೆ ಹಾಕಿ ಗಡಿಗಳನ್ನೆಲ್ಲ ಕಲಸಿಬಿಡುತ್ತದೆ. ಹಿಮಯುಗದ ಬಳಿಕ ಎರೆಹುಳುವೇ ಇಲ್ಲದೆ ಬೆಳೆದ ಉತ್ತರ ಅಮೆರಿಕದ ಕಾಡುಗಳಿಗೆ ಯುರೋಪಿನ ಹುಳುಗಳು ಹೊಕ್ಕ ಕಡೆ, ಕೆಲವೇ ದಶಕಗಳಲ್ಲಿ ಎಲೆಹಾಸಿನ ಪದರವೇ ಕಾಣೆಯಾಗಿದೆ. ಪೈನಿನ ಕೆಳಗಿನ ಹುಳಿ ಮರಳು ಹೆಚ್ಚಿನ ಎರೆಹುಳುಗಳಿಗೆ ಒಗ್ಗದು. ನಿಮ್ಮ ಗೋಡೆಯ ಗಡಿಗಳು ಅಷ್ಟು ಸ್ಪಷ್ಟವಾಗಿ ಉಳಿದಿರುವುದಕ್ಕೆ ಅದೂ ಒಂದು ಕಾರಣ.

ಆದ್ದರಿಂದ ಗಡಿ ಚೂಪಾಗಿದ್ದರೆ ನೆರೆಯ ಪದರ ಎಂಬ ಸರಳ ಸೂತ್ರ ಇಲ್ಲಿ ಕೈಕೊಡುತ್ತದೆ. ವಿದ್ಯಾರ್ಥಿಯಾಗಿದ್ದಾಗ ನಾನೂ ಇಂಥದೇ ಗೋಡೆ ನೋಡಿ ‘ಹೊಳೆಯ ಮರಳು’ ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದು ಬೈಸಿಕೊಂಡಿದ್ದೆ. ಗಡಿ ಎಷ್ಟು ಚೂಪು ಎನ್ನುವುದಕ್ಕಿಂತ ಅದರ ಆಕಾರ ನೋಡಬೇಕು. ಹೊಳೆ ಹಾಕಿದ ಪದರ ಬಹುಮಟ್ಟಿಗೆ ಚಾಪೆಯಂತೆ ಸಮನಾಗಿ ಹರಡಿರುತ್ತದೆ. ಪೊಡ್ಜಾಲಿನ ಬಿಳಿಯಾದರೋ ಅಲೆಅಲೆಯಾಗಿ ಹೋಗಿ, ಅಲ್ಲಲ್ಲಿ ಹಳೆಯ ಬೇರಿನ ದಾರಿ ಹಿಡಿದು ತುಕ್ಕಿನೊಳಗೆ ನಾಲಿಗೆಯಂತೆ ಇಳಿದಿರುತ್ತದೆ.

ಮತ್ತೆ ಅಲ್ಲಿಗೆ ಹೋದರೆ ಆ ನಾಲಿಗೆಗಳನ್ನು ಹುಡುಕಿ. ಬಿಳಿ, ತುಕ್ಕು, ಹಳದಿ ಮೂರರಿಂದಲೂ ಒಂದೊಂದು ಚಿಟಿಕೆ ಅಂಗೈ ಮೇಲೆ ಹಾಕಿಕೊಂಡು ಭೂತಗನ್ನಡಿಯಲ್ಲಿ ನೋಡಿ: ಕಣಗಳ ಗಾತ್ರ ಒಂದೇ ಆಗಿದ್ದು ಮೇಲಿನ ಲೇಪ ಮಾತ್ರ ಬೇರೆಯಾಗಿದ್ದರೆ ಮೂಲ ಒಂದೇ ಎನ್ನಬಹುದು. ಬಿಳಿ ಮಣ್ಣನ್ನು ಕಬ್ಬಿಣದ ಸೌಟಿನಲ್ಲಿ ಚೆನ್ನಾಗಿ ಕೆಂಪಗೆ ಕಾಯಿಸಿಯೂ ನೋಡಿ. ಕಬ್ಬಿಣ ನಿಜಕ್ಕೂ ತೊಳೆದುಹೋಗಿದ್ದರೆ ಅದು ಬಿಳಿಯಾಗಿಯೇ ಉಳಿಯುತ್ತದೆ. ಮಣ್ಣು ಕೆಂಪೇರಿದರೆ ಕಬ್ಬಿಣ ಅಲ್ಲಿಯೇ ಇದೆ, ನೀರು ನಿಂತು ಗಾಳಿಯಾಡದೆ ಬಣ್ಣವಷ್ಟೇ ಮಾಸಿದೆ ಎಂದು ಅರ್ಥ. ಒಂದು ವೇಳೆ ಬಿಳಿಗೂ ತುಕ್ಕಿಗೂ ನಡುವೆ ಉರುಟು ಬೆಣಚುಕಲ್ಲುಗಳ ಸಾಲು ಸಿಕ್ಕರೆ, ನೆರೆಯ ಕೈವಾಡವಿದೆ ಎಂಬ ನಿಮ್ಮ ಊಹೆಯನ್ನು ನಾನೂ ಮತ್ತೊಮ್ಮೆ ಪರಿಗಣಿಸಬೇಕಾಗುತ್ತದೆ.