ಮೀಟಿಂಗ್‌ಗೆ ಆದ್ಯತೆ ಕೊಟ್ಟರೂ ವಿಡಿಯೋ ತಡವರಿಸುವುದೇಕೆ?

ಪ್ರಶ್ನೆ: ಕಚೇರಿಯಲ್ಲಿ ಯಾರಾದರೂ ದೊಡ್ಡ ಫೈಲ್ ಡೌನ್‌ಲೋಡ್ ಮಾಡಿದರೆ ವಿಡಿಯೋ ಮೀಟಿಂಗ್ ತುಂಡುತುಂಡಾಗುತ್ತದೆ. ರೌಟರ್‌ನಲ್ಲಿ ಮೀಟಿಂಗ್‌ಗೆ ಆದ್ಯತೆ ಕೊಟ್ಟಿದ್ದೇನೆ, ಬದಲಾವಣೆ ಇಲ್ಲ. ಏನು ತಪ್ಪು?

ಉತ್ತರ: ಬಹುಶಃ ಸಂಪರ್ಕದ ವೇಗವನ್ನು ನೀವು ರೌಟರ್‌ಗೆ ತಿಳಿಸಿಲ್ಲ. ಕಾಯುವ ಡೇಟಾದ ಸರದಿ ಎಲ್ಲಿ ಬೆಳೆಯುತ್ತದೆಯೋ ಅಲ್ಲಿ ಮಾತ್ರ ಆದ್ಯತೆಗೆ ಅರ್ಥ. ಡೌನ್‌ಲೋಡ್‌ನ ಸರದಿ ಬೆಳೆಯುವುದು ಸೇವಾದಾರರ ಉಪಕರಣದಲ್ಲಿ. ನಿಮ್ಮ ನಿಯಮ ಅಲ್ಲಿಗೆ ತಲುಪುವುದಿಲ್ಲ. ರೌಟರ್‌ನ ಮಿತಿಯನ್ನು ಸಂಪರ್ಕದ ವೇಗಕ್ಕಿಂತ ತುಸು ಕೆಳಗಿಟ್ಟು ಆ ಸರದಿಯನ್ನು ನಿಮ್ಮ ರೌಟರ್‌ಗೆ ಎಳೆದು ತರಬೇಕು.

ಕಚೇರಿ ಖಾಲಿ ಇರುವಾಗ ವೇಗ ಅಳೆಯಿರಿ. ಡೌನ್‌ಲೋಡ್ 50, ಅಪ್‌ಲೋಡ್ 10 ಎಂಬಿಪಿಎಸ್ ಬಂದರೆ, ರೌಟರ್‌ನಲ್ಲಿ ಆದ್ಯತೆ ಹೊಂದಿಸುವ QoS ಪುಟದಲ್ಲಿ 45 ಮತ್ತು 9 ಎಂದು ಬರೆಯಿರಿ. ಹತ್ತರಲ್ಲೊಂದು ಪಾಲು ಬಿಟ್ಟುಕೊಡುವುದು ಜಿಪುಣರಿಗೆ ನೋವಾದರೂ, ಮದ್ದು ಇದೇ. ಅಪ್‌ಲೋಡ್ ಮಿತಿಯನ್ನು ಮರೆಯಬೇಡಿ: ಕಡತಗಳ ಬ್ಯಾಕಪ್ ಅದನ್ನು ತುಂಬಿಬಿಟ್ಟರೆ ನಿಮ್ಮ ಮಾತೇ ಆಚೆಯವರಿಗೆ ಕೇಳಿಸುವುದಿಲ್ಲ.

ರೌಟರ್‌ನಲ್ಲಿ ಸರದಿ ನಿಭಾಯಿಸುವ CAKE ಅಥವಾ FQ-CoDel ಆಯ್ಕೆ ಇದ್ದರೆ ಅದನ್ನೇ ಆರಿಸಿ. ಅವು ಪ್ರತಿ ಹರಿವಿಗೂ ಬೇರೆ ಸರದಿ ಕೊಡುವುದರಿಂದ ಪ್ರತ್ಯೇಕ ನಿಯಮವೇ ಹೆಚ್ಚಾಗಿ ಬೇಕಾಗುವುದಿಲ್ಲ. ಇಲ್ಲದಿದ್ದರೆ ಪೋರ್ಟ್ ನೋಡಿ ನಿಯಮ ಬರೆಯಿರಿ. ಟೀಮ್ಸ್‌ಗಾದರೆ ಯುಡಿಪಿ 3478ರಿಂದ 3481.

ಪರೀಕ್ಷೆಗೆ, ಕೇಬಲ್ ಹಾಕಿದ ವಿಂಡೋಸ್ ಕಂಪ್ಯೂಟರ್‌ನಲ್ಲಿ ಇದನ್ನು ಓಡಿಸಿ, ಇನ್ನೊಂದರಲ್ಲಿ ದೊಡ್ಡ ಡೌನ್‌ಲೋಡ್ ಶುರುಮಾಡಿ:

```
ping -t 8.8.8.8
```

ಉತ್ತರ ಬರುವ ಸಮಯ 20 ಮಿಲಿಸೆಕೆಂಡ್ ಇದ್ದದ್ದು 300ಕ್ಕೆ ಜಿಗಿದರೆ ಮಿತಿಯನ್ನು ಇನ್ನಷ್ಟು ಇಳಿಸಿ. 30ರ ಆಸುಪಾಸಿನಲ್ಲೇ ನಿಂತರೂ ಮೀಟಿಂಗ್ ತಡವರಿಸುತ್ತಿದ್ದರೆ ದೋಷ ವೈಫೈಯಲ್ಲಿದೆ ಎಂದು ಅನುಮಾನಿಸಿ. ಅದನ್ನು ಈ ನಿಯಮಗಳು ಸರಿಪಡಿಸಲಾರವು.