ಎಯುಸಿ 27ರ ಬದಲು 14.5 ಯಾಕೆ ಬಂತು?

"ಹುಬ್ಬಳ್ಳಿಯಲ್ಲಿ ಬಿ.ಫಾರ್ಮ್ ಓದ್ತಿದ್ದೀನಿ. 0, 1, 2, 4, 8 ಗಂಟೆಗೆ ರಕ್ತದಲ್ಲಿ ಔಷಧ 0, 4, 6, 4, 1 ಮೈಕ್ರೋಗ್ರಾಂ/ಮಿ.ಲೀ. ಎಯುಸಿ ನನಗೆ 14.5, ಸರ್‌ಗೆ 27. ಎಲ್ಲಿ ತಪ್ಪಿದೆ?"

ಎಯುಸಿ ಅಂದರೆ ಗಂಟೆಗಳ ಎದುರು ಔಷಧದ ಮಟ್ಟ ಬರೆದಾಗ ಬರುವ ಗೆರೆಯ ಕೆಳಗಿನ ವಿಸ್ತೀರ್ಣ. ಬಹುಶಃ ಎಲ್ಲ ಅಂತರವನ್ನೂ ಒಂದೇ ಗಂಟೆ ಅಂತ ಹಿಡಿದಿದ್ದೀರಿ. ಅಗಲ ಬೇರೆ ಬೇರೆ ಇರುವ ಹೊಲದ ಪಟ್ಟಿ ಅಳೆದ ಹಾಗೆ ಮಾಡಿ: ಅಕ್ಕಪಕ್ಕದ ಎರಡು ಮಟ್ಟ ಕೂಡಿಸಿ, ಅರ್ಧ ಮಾಡಿ, ನಡುವಿನ ಗಂಟೆಯಿಂದ ಗುಣಿಸಿ. ಮೊದಲ ಪಟ್ಟಿ 2, ಎರಡನೆಯದು 5. ಮೂರನೆಯದರಲ್ಲಿ 6 ಮತ್ತು 4ರ ಸರಾಸರಿ 5, ಅಂತರ 2 ಗಂಟೆ, ಹಾಗಾಗಿ 10. ಕೊನೆಯದು 2.5 × 4, ಅದೂ 10. ಕೂಡಿಸಿದರೆ 27.

ಜೆನೆರಿಕ್ ಮಾತ್ರೆ ಮೂಲ ಮಾತ್ರೆಗೆ ಸಮವೇ ಅಂತ ನೋಡುವ ಪರೀಕ್ಷೆಯಲ್ಲಿ ಪ್ರತಿಯೊಬ್ಬರಿಗೂ ಎರಡೂ ಮಾತ್ರೆಗೆ ಹೀಗೇ ಮಾಡಿ, ಲಾಗ್ ತೆಗೆದು ಹೋಲಿಸುತ್ತಾರೆ. ಸುಮ್ನೆ ಎರಡರ ಅನುಪಾತ 98% ಬಂದರೆ ಸಾಲದು, ಅದರ 90% ವಿಶ್ವಾಸಾಂತರ, ಅಂದರೆ ನಿಜವಾದ ಅನುಪಾತ ಇರಬಹುದಾದ ವ್ಯಾಪ್ತಿ, ಪೂರ್ತಿ 80–125% ಒಳಗಿರಬೇಕು.