ಮೊದಲ ಮೆಸೇಜು ಚಿಕ್ಕದಿರಲಿ

"ನನಗೆ 43 ವರ್ಷ. ಊರು ಸಾಗರದ ಕಡೆ, ಈಗಿರುವುದು ಹುಬ್ಬಳ್ಳಿಯಲ್ಲಿ. ಹತ್ತನೇ ಕ್ಲಾಸಿನವರೆಗೂ ಒಂದೇ ಬೆಂಚಿನಲ್ಲಿ ಕೂತ ಗೆಳತಿಯೊಬ್ಬಳಿದ್ದಳು, 'ಚಿನ್ನಿ' ಅಂತ ಕರೆಯುತ್ತಿದ್ದೆ. ಮಳೆಗಾಲದಲ್ಲಿ ಹಳ್ಳದ ಸಂಕ ದಾಟಲು ನನಗೆ ಭಯ, ಅವಳೇ ಕೈ ಹಿಡಿದು ದಾಟಿಸುತ್ತಿದ್ದಳು. 1998ರಲ್ಲಿ ಎಸ್‌ಎಸ್‌ಎಲ್‌ಸಿ ಮುಗಿದ ಮೇಲೆ ದೂರಾದೆವು. ಅವಳ ಮದುವೆಗೆ ಹೋಗಲಿಲ್ಲ. ಅವಳ ಅಪ್ಪ ತೀರಿಕೊಂಡ ಸುದ್ದಿ ಗೊತ್ತಾದಾಗಲೂ ಒಂದು ಫೋನ್ ಮಾಡಲಿಲ್ಲ. ಈಗ ಗುರುವಂದನೆ ಕಾರ್ಯಕ್ರಮಕ್ಕೆಂದು ಮಾಡಿದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಅವಳ ನಂಬರ್ ಸಿಕ್ಕಿದೆ. ಮೊನ್ನೆ ಊರಿಗೆ ಹೋದಾಗ ಆ ಸಂಕದ ಜಾಗದಲ್ಲಿ ಸಿಮೆಂಟ್ ಸೇತುವೆ ಆಗಿದ್ದು ನೋಡಿ ತುಂಬ ನೆನಪಾದಳು. ಮೆಸೇಜು ಬರೆಯುತ್ತೇನೆ, ಅಳಿಸುತ್ತೇನೆ. ಗ್ರೂಪಿನಲ್ಲಿ ಅವಳು ಎಲ್ಲರಿಗೂ 'ನೀವು' ಅನ್ನುತ್ತಾಳೆ. ಹೇಗೆ ಮಾತು ಶುರು ಮಾಡಲಿ?"
– ಹೆಸರು ಬೇಡ, ಹುಬ್ಬಳ್ಳಿ

ನೀವು ಬರೆದು ಅಳಿಸುತ್ತಿರುವ ಮೆಸೇಜು ಬಹುಶಃ ಉದ್ದವಾಗಿದೆ. ಮದುವೆಗೆ ಬರದಿದ್ದದ್ದು, ಅವಳ ಅಪ್ಪನ ಸಾವು, ಇಷ್ಟು ವರ್ಷದ ಮೌನ ಎಲ್ಲವನ್ನೂ ಒಂದೇ ಸಲಕ್ಕೆ ಹೇಳಿ ಮುಗಿಸಬೇಕು ಅಂದುಕೊಂಡಿದ್ದೀರಿ, ಅದಕ್ಕೇ ಕಳಿಸಲಾಗುತ್ತಿಲ್ಲ. ಅಂಥ ಮೆಸೇಜು ಹೋದರೆ ಅವಳಿಗೂ ಕಷ್ಟ. ಮಧ್ಯಾಹ್ನ ಕೆಲಸದ ನಡುವೆ ಅದನ್ನು ತೆರೆದವಳು 'ಇದಕ್ಕೆ ನಿಧಾನವಾಗಿ ಕೂತು ಉತ್ತರ ಬರೀಬೇಕು' ಅಂದುಕೊಂಡು ಪಕ್ಕಕ್ಕಿಡುತ್ತಾಳೆ. ನಾಲ್ಕು ದಿನ ಕಳೆದರೆ ಅವಳಿಗೂ ಮುಜುಗರ ಶುರುವಾಗುತ್ತದೆ.

ಹೀಗೆ ಬರೆಯಿರಿ: "ಚಿನ್ನೀ, ನಾನು ಕಣೇ, ನಿನ್ನ ಬೆಂಚಿನವಳು. ಗ್ರೂಪಲ್ಲಿ ನಿನ್ನ ನಂಬರ್ ಸಿಕ್ತು. ಮೊನ್ನೆ ಊರಿಗೆ ಹೋಗಿದ್ದೆ, ನಮ್ಮ ಹಳ್ಳದ ಸಂಕ ತೆಗೆದು ಸಿಮೆಂಟ್ ಸೇತುವೆ ಮಾಡಿದಾರೆ. ನೀನು ಕೈ ಹಿಡಿದು ದಾಟಿಸ್ತಿದ್ದಿದ್ದು ನೆನಪಾಯ್ತು. ಏನೂ ಕೆಲಸ ಇಟ್ಕೊಂಡು ಬರೀತಿಲ್ಲ, ಮಾತಾಡ್ಬೇಕು ಅನ್ನಿಸ್ತು ಅಷ್ಟೆ. ಪುರುಸೊತ್ತಾದಾಗ ಹೇಳು, ಫೋನ್ ಮಾಡ್ತೀನಿ." ಕೆಳಗೆ ನಿಮ್ಮ ಹೆಸರು, ಜೊತೆಗೆ ಆ ಸೇತುವೆಯ ಫೋಟೋ ಇದ್ದರೆ ಅದು.

'ಏನೂ ಕೆಲಸ ಇಟ್ಕೊಂಡು ಬರೀತಿಲ್ಲ' ಅನ್ನುವ ಮಾತನ್ನು ದಯವಿಟ್ಟು ಬಿಡಬೇಡಿ. ಎಷ್ಟೋ ವರ್ಷದ ಮೇಲೆ ಹಳೇ ಪರಿಚಯದವರ ಮೆಸೇಜು ಬಂದರೆ ಈಗ ಮನಸ್ಸಿಗೆ ಮೊದಲು ಬರುವುದು ಸಾಲ, ಇನ್ಶೂರೆನ್ಸ್ ಪಾಲಿಸಿ, ಚೀಟಿ ವ್ಯವಹಾರ. ಗೆಳೆಯರ ಹೆಸರು ಹೇಳಿಕೊಂಡು ದುಡ್ಡು ಕೀಳುವ ಮೋಸವೂ ಇದೆ. ಸಂಕದ ವಿಷಯ ನಿಮ್ಮಿಬ್ಬರನ್ನು ಬಿಟ್ಟು ಬೇರೆಯವರು ಬರೆಯಲಾರರು, ಹಾಗಾಗಿ ಆ ಒಂದು ವಾಕ್ಯದಿಂದಲೇ ನೀವು ಯಾರೆಂದು ಅವಳಿಗೆ ಖಾತ್ರಿಯಾಗುತ್ತದೆ. ಫೋನಿನಲ್ಲಿ 'ನಾನ್ಯಾರು ಹೇಳು ನೋಡೋಣ' ಅಂತ ಮಾತ್ರ ಶುರು ಮಾಡಬೇಡಿ. ಗುರುತು ಹಿಡಿಯದಿದ್ದರೆ ಅವಳಿಗೆ ನಾಚಿಕೆ, ನಿಮಗೆ ಬೇಜಾರು.

'ನೀವು' ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಗ್ರೂಪಿನಲ್ಲಿ ಗಂಡಸರು ಹೆಂಗಸರು ಎಲ್ಲ ಇರುತ್ತಾರೆ, ಅಲ್ಲಿನ ಮರ್ಯಾದೆಯೇ ಬೇರೆ. ಖಾಸಗಿಯಾಗಿ ನೀವು ಹಳೇ ಹೆಸರಿನಿಂದಲೇ ಕರೆಯಿರಿ, ಏಕವಚನದಲ್ಲೇ ಬರೆಯಿರಿ. ಅವಳು 'ನೀವು' ಅಂತಲೇ ಉತ್ತರಿಸಿದರೂ 'ಏನೇ ಇದು, ಬಹುವಚನ?' ಎಂದು ಆಕ್ಷೇಪಿಸಬೇಡಿ. ಬಾಯಿಬಿಟ್ಟು ಮಾತಾಡಲು ಶುರುವಾದ ಸ್ವಲ್ಪ ಹೊತ್ತಿಗೆ ಅದು ತಾನಾಗಿ ಹೋಗುತ್ತದೆ.

ನಿಮ್ಮ ಹಿಂಜರಿಕೆ ನಿಮ್ಮೊಬ್ಬರದಲ್ಲ. ಲಾರಾ ಅಕ್ನಿನ್ ಮತ್ತು ಗಿಲಿಯನ್ ಸ್ಯಾಂಡ್‌ಸ್ಟ್ರಾಮ್ ಎಂಬ ಮನಃಶಾಸ್ತ್ರಜ್ಞರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಳೇ ಗೆಳೆಯರಿಗೆ ಬರೆಯುವ ಮನಸ್ಸಿದ್ದವರಿಗೆ, ನಂಬರೂ ಇದ್ದವರಿಗೆ, ಕೂತು ಬರೆಯಲು ಸಮಯವನ್ನೂ ಕೊಟ್ಟಿದ್ದರು. ಆದರೂ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಜನ ಕಳಿಸಿದರು. ಕೆಲವು ನಿಮಿಷ ಈಗಿನ ಗೆಳೆಯರಿಗೆ ಮೆಸೇಜು ಮಾಡಿ, ಅದೇ ಕೈಯಲ್ಲಿ ಹಳೇ ಗೆಳೆಯರಿಗೆ ಬರೆಯಲು ಹೇಳಿದಾಗ ಕಳಿಸಿದವರ ಸಂಖ್ಯೆ ಚೆನ್ನಾಗಿಯೇ ಏರಿತು. ನೀವೂ ಅದನ್ನೇ ಮಾಡಿ. ಇವತ್ತು ರಾತ್ರಿ ಊಟವಾದ ಮೇಲೆ ಅಕ್ಕನಿಗೋ ಪಕ್ಕದ ಮನೆಯವರಿಗೋ ಎರಡು ಮೆಸೇಜು ಹಾಕಿ, ಆ ಓಘದಲ್ಲೇ ಅವಳಿಗೂ ಕಳಿಸಿಬಿಡಿ.

ಇನ್ನು ಅವಳ ಅಪ್ಪನ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಭಾರ ಅನ್ನಿಸಿದ್ದು ಅದೊಂದೇ. ಮದುವೆಗೆ ಹೋಗದ್ದನ್ನು ಜನ ಮರೆಯುತ್ತಾರೆ. ಸಾವಿಗೆ ಯಾರು ಬಂದರು, ಯಾರು ಬರಲಿಲ್ಲ ಅನ್ನುವುದು ಮನೆಯವರ ಮನಸ್ಸಿನಲ್ಲಿ ಉಳಿಯುತ್ತದೆ. ಹಾಗಾಗಿ ಅದನ್ನು ಮೆಸೇಜಿನಲ್ಲಿ ಬರೆಯಬೇಡಿ, ಹಾಗಂತ ತೇಲಿಸಿಯೂ ಬಿಡಬೇಡಿ. ಮೊದಲ ಸಲ ಫೋನಿನಲ್ಲಿ ಧ್ವನಿ ಕೇಳಿದಾಗ, ಕ್ಷೇಮಸಮಾಚಾರ ಮುಗಿದ ಮೇಲೆ ನೀವಾಗಿಯೇ ಹೇಳಿ: "ಅಪ್ಪ ಹೋದಾಗ ನಾನು ಬರಬೇಕಿತ್ತು ಕಣೇ. ಬರಲಿಲ್ಲ, ಫೋನೂ ಮಾಡಲಿಲ್ಲ. ತಪ್ಪಾಯ್ತು." ಕಾರಣಗಳನ್ನು ಸೇರಿಸಬೇಡಿ. ಮಗುವಿಗೆ ಹುಷಾರಿರಲಿಲ್ಲ, ಬಸ್ಸಿರಲಿಲ್ಲ ಎಂದು ಶುರು ಮಾಡಿದರೆ ಅವಳೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಅವಳ ಅಪ್ಪ ನಿಮಗೆ ನೆನಪಿರುವ ಹಾಗೆ ಒಂದು ಸಂಗತಿ ಹೇಳಿ, ನಿಮ್ಮಿಬ್ಬರನ್ನೂ ಪೇಟೆಗೆ ಕರೆದುಕೊಂಡು ಹೋಗಿದ್ದೋ, ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದದ್ದೋ. ಆಮೇಲೆ ಸುಮ್ಮನಿರಿ. ಅವಳು ಅತ್ತರೆ ಅಳಲಿ, 'ಇರಲಿ ಬಿಡೇ' ಅಂತ ಮಾತು ಬದಲಿಸಿದರೆ ನೀವೂ ಬದಲಿಸಿ. ಮತ್ತೆ ಮತ್ತೆ ಕ್ಷಮೆ ಕೇಳಬೇಡಿ.

ಇದನ್ನೆಲ್ಲ ಗುರುವಂದನೆಯ ದಿನಕ್ಕೆಂದು ಇಟ್ಟುಕೊಳ್ಳಬೇಡಿ. ಅವತ್ತು ಮೇಷ್ಟ್ರಿಗೆ ಶಾಲು ಹಾರ, ಭಾಷಣ, ಗ್ರೂಪ್ ಫೋಟೋ, ಊಟದ ಪಂಕ್ತಿ. ಇಬ್ಬರೇ ಕೂತು ಮಾತಾಡಲು ಜಾಗವೂ ಸಿಗುವುದಿಲ್ಲ. ಕಾರ್ಯಕ್ರಮಕ್ಕೆ ಎರಡು ಮೂರು ವಾರ ಮೊದಲೇ ಫೋನಿನಲ್ಲಿ ಮಾತಾಗಿರಲಿ. ಅಂದು ಎದುರು ಸಿಕ್ಕಾಗ ನೀವೇ ಮುಂದೆ ಹೋಗಿ ಕೈ ಹಿಡಿದುಕೊಳ್ಳಿ, ಅಷ್ಟು ಸಾಕು. ತಬ್ಬಿಕೊಳ್ಳುವುದು ಅವಳಿಗೆ ಬಿಟ್ಟಿದ್ದು. 'ಎಷ್ಟು ದಪ್ಪ ಆಗಿದೀಯೇ', 'ಕೂದಲೆಲ್ಲ ಬೆಳ್ಳಗಾಯ್ತಲ್ಲೇ' ಎಂಬ ಮಾತು ಪ್ರೀತಿಯಿಂದಲೇ ಬರುತ್ತವೆ, ಆದರೂ ಬೇಡ. 'ಮಕ್ಕಳೆಷ್ಟು, ಯಜಮಾನರು ಏನು ಮಾಡ್ತಾರೆ' ಎಂದೂ ನೇರ ಕೇಳಬೇಡಿ. ಇಷ್ಟು ವರ್ಷದಲ್ಲಿ ಅವಳ ಬದುಕಿನಲ್ಲಿ ಏನೇನಾಗಿದೆಯೋ ನಿಮಗೆ ಗೊತ್ತಿಲ್ಲ. 'ಮನೇಲಿ ಯಾರ್ಯಾರಿದೀರಿ?' ಅಂದರೆ ಅವಳಿಗೆ ಹೇಳಬೇಕಾದಷ್ಟನ್ನು ಹೇಳುತ್ತಾಳೆ.

ಇಂಥ ಸ್ನೇಹಗಳು ಸಾಮಾನ್ಯವಾಗಿ ನಿಂತುಹೋಗುವುದು ಮೊದಲ ಮಾತಿನಲ್ಲಲ್ಲ, ಎರಡನೆಯದರಲ್ಲಿ. ಒಂದು ಗಂಟೆ ನಗುತ್ತ ಹಳೇದನ್ನೆಲ್ಲ ಮಾತಾಡಿ 'ಸಿಗೋಣ' ಅಂದು ಫೋನಿಟ್ಟವರು ಆಮೇಲೆ ಗುಡ್ ಮಾರ್ನಿಂಗ್ ಚಿತ್ರ ಕಳಿಸಿಕೊಂಡು ಇದ್ದುಬಿಡುತ್ತಾರೆ. ಹಳೇ ನೆನಪು ಬೇಗ ಖಾಲಿಯಾಗುತ್ತದೆ. ಮೊದಲ ಫೋನಿನಲ್ಲಿ ಅವಳು ಈಗಿನ ಬದುಕಿನ ಯಾವುದಾದರೂ ಒಂದು ಸಂಗತಿ ಹೇಳುತ್ತಾಳೆ, ಅಮ್ಮನ ಮಂಡಿನೋವೋ, ಮಗಳ ಪರೀಕ್ಷೆಯೋ. ಹತ್ತು ಹದಿನೈದು ದಿನ ಬಿಟ್ಟು ಅದನ್ನೇ ಕೇಳಿ: "ಅಮ್ಮನಿಗೆ ಮಂಡಿನೋವು ಅಂದಿದ್ದೆಯಲ್ಲ, ಡಾಕ್ಟರ್ ಏನಂದ್ರು?" ಈಗಿನ ಅವಳ ಪರಿಚಯ ಆಗುವುದು ಅಲ್ಲಿಂದ.

ಉತ್ತರ ಬಾರದಿದ್ದರೆ? ನೀಲಿ ಗೆರೆ ಬಿತ್ತೇ ಎಂದು ನೋಡುತ್ತ ಕೂರಬೇಡಿ. ಒಂದು ತಿಂಗಳು ಬಿಟ್ಟು, ಯುಗಾದಿಯೋ ದೀಪಾವಳಿಯೋ ಹತ್ತಿರವಿದ್ದರೆ ಅದರ ನೆಪದಲ್ಲಿ ಇನ್ನೊಂದೇ ಸಲ ಬರೆಯಿರಿ. ಉತ್ತರ ಚಿಕ್ಕದಾಗಿದ್ದರೂ ಕೊನೆಗೆ 'ನೀನು ಹೇಗಿದೀಯ?' ಎಂದು ಕೇಳಿದ್ದರೆ ಬಾಗಿಲು ತೆರೆದಿದೆ, ಫೋನ್ ಮಾಡಿ. ಎರಡು ಸಲವೂ ಬರೀ ಕೈಮುಗಿದ ಚಿತ್ರ ಬಂದರೆ ಅಲ್ಲಿಗೆ ನಿಲ್ಲಿಸಿ. ಬೇರೆ ಗೆಳತಿಯರ ಮೂಲಕ ಕೇಳಿಸುವುದು, 'ದೊಡ್ಡ ಮನುಷ್ಯಳಾಗಿಬಿಟ್ಟೆ' ಎಂದು ಗ್ರೂಪಿನಲ್ಲಿ ಚುಚ್ಚುವುದು ಎರಡೂ ಬೇಡ.

ಬರುತ್ತಾಳೆ ಅಂತಾದರೆ, ಗುರುವಂದನೆಯ ಮಾರನೇ ದಿನ ಊರಲ್ಲೇ ಉಳಿಯುವಂತೆ ಈಗಲೇ ರಜೆ ಹೊಂದಿಸಿಕೊಳ್ಳಿ. ಗಂಡ, ಮಕ್ಕಳನ್ನು ಪರಿಚಯಿಸುವುದು ಮುಂದಿನ ಸಲಕ್ಕಿರಲಿ, ಆ ದಿನ ನೀವಿಬ್ಬರೇ ಇರಿ.